ಎರಡು ತುಂಡಾದ ಲೆಕ್ಕ

ತಮ್ಮನಿಗೆ ಉಳಿದಿದ್ದದ್ದು ಒಂದೇ ಪೇಪರ್. ಬಾಕಿ ಎಲ್ಲವನ್ನೂ ಅವನು ಕುಂಟುತ್ತಲೋ ತೆವಳುತ್ತಲೋ ದಾಟಿದ್ದ. ಹಗಲು ಕಾಲೇಜಿನ ವರ್ಕ್‌ಶಾಪಿನಲ್ಲಿ ಅಟೆಂಡರ್ ಕೆಲಸ, ಸಂಜೆ ಅದೇ ಕಾಲೇಜಿನ ಸಂಜೆ ತರಗತಿ. ಡಿಗ್ರಿ ಮುಗಿಸಲು ಎಂಟು ವರ್ಷ ಕಾಲಾವಕಾಶ, ಅದರಲ್ಲಿ ಏಳೂವರೆ ಮುಗಿದಿತ್ತು. ಎರಡನೆಯ ಗಣಿತದ ಪೇಪರ್ ಮಾತ್ರ ಐದು ಸಲ ಬರೆದರೂ ಅವನ ಕೈಗೆ ಸಿಕ್ಕಿರಲಿಲ್ಲ. ಇನ್ನುಳಿದಿದ್ದದ್ದು ಒಂದೇ ಅವಕಾಶ. ಅದರಲ್ಲಿ ಪಾಸಾದರೆ ವರ್ಕ್‌ಶಾಪಿನಲ್ಲೇ ಇನ್‌ಸ್ಟ್ರಕ್ಟರ್ ಹುದ್ದೆ. ಆಗದಿದ್ದರೆ ಎಂಟು ವರ್ಷದ ಓದೂ ನೀರಿನಲ್ಲಿ ಹೋಮ, ಕೊನೆಯವರೆಗೂ ಲೇತ್ ಯಂತ್ರ ಒರೆಸುವ ಕೆಲಸ.

ಇದರಲ್ಲಿ ತಮಾಷೆಯೆಂದರೆ ಅವನ ಅಕ್ಕ ಅದೇ ಕಾಲೇಜಿನಲ್ಲಿ ಅದೇ ಪೇಪರ್ ಪಾಠ ಮಾಡುತ್ತಿದ್ದವಳು. ಹದಿನೆಂಟು ವರ್ಷದಿಂದ. ಹುಡುಗರು ಹಿಂದಿನಿಂದ ಅವಳನ್ನು 'ಲಿಮಿಟ್ ಮೇಡಂ' ಎಂದು ಕರೆಯುತ್ತಿದ್ದರು, ಡಬಲ್ ಇಂಟಿಗ್ರಲ್ ಎಂಬ ವಿಸ್ತೀರ್ಣದ ಲೆಕ್ಕಕ್ಕೆ ಲಿಮಿಟ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿ, ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂಬುದಕ್ಕೂ, ಯಾರಿಗೂ ಲಿಮಿಟ್ ಮೀರಲು ಬಿಡುವವಳಲ್ಲ ಎಂಬುದಕ್ಕೂ. ತಮ್ಮನನ್ನು ವರ್ಕ್‌ಶಾಪಿನವರು 'ಸ್ಪ್ಯಾನರ್' ಎನ್ನುತ್ತಿದ್ದರು. ಇಬ್ಬರೂ ಒಂದೇ ಗೇಟಿನಿಂದ ಒಳಗೆ ಹೋಗಿ, ಅಕ್ಕ ಮೆಟ್ಟಿಲು ಹತ್ತಿ ಮೇಲೆ, ತಮ್ಮ ಶೆಡ್ಡಿನ ಕಡೆ. ತೀರಿಕೊಂಡ ಅವರ ಅಮ್ಮ ಬಂದವರೆದುರೆಲ್ಲ ಹೇಳುತ್ತಿದ್ದ ಮಾತೊಂದಿತ್ತು: ನನ್ನ ಮಗಳಿಗೆ ತಲೆ ಕೊಟ್ಟ ದೇವರು, ಮಗನಿಗೆ ಕೈ ಕೊಟ್ಟ. ಮಗ ಪಕ್ಕದಲ್ಲೇ ಕೂತು ನಗುತ್ತಿದ್ದ. ಎಷ್ಟೋ ವರ್ಷ ಕೇಳಿ ಕೇಳಿ ಅದು ಅವನಿಗೆ ತನ್ನ ರಕ್ತದ ಗುಂಪಿನಷ್ಟೇ ಖಚಿತವಾದ ಸಂಗತಿಯಾಗಿಬಿಟ್ಟಿತ್ತು. ಅಕ್ಕನಿಗೂ.

ಕೊನೆಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಅಕ್ಕ ಸೆರಗು ಕಟ್ಟಿ ನಿಂತಳು. ದಿನಾ ಬೆಳಗ್ಗೆ ಆರಕ್ಕೆ ತಮ್ಮ ಎರಡು ಬೀದಿ ದಾಟಿ ಅವಳ ಮನೆಗೆ ಬರಬೇಕು, ಅಡುಗೆಮನೆಯ ಮೇಜಿನ ಮೇಲೆ ಏಳೂವರೆಯವರೆಗೆ ಪಾಠ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಕೂದಲು ನೀರಲ್ಲಿ ಒತ್ತಿ ಬಾಚಿಕೊಂಡು, ಶಾಲೆಗೆ ಹೊರಟ ಹುಡುಗನ ಹಾಗೆ ಪೆನ್ನು ಸ್ಕೇಲು ಜೋಡಿಸಿಕೊಂಡು ಕೂರುತ್ತಿದ್ದ. ಮೂವತ್ತಾರು ವರ್ಷದ ಗಂಡಸು, ಹತ್ತು ವರ್ಷದ ಮಗಳ ಅಪ್ಪ. ಅವನನ್ನು ನೋಡಿದಾಗಲೆಲ್ಲ ಅಕ್ಕನಿಗೆ ಅಯ್ಯೋ ಅನಿಸುತ್ತಿತ್ತು. ಆ ಅಯ್ಯೋ ಎನ್ನುವುದರಲ್ಲೇ ಎಲ್ಲ ಕೆಟ್ಟದ್ದು ಎಂದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಮೊದಲ ಮೂರು ದಿನ ಅವಳು ತರಗತಿಯಲ್ಲಿ ಮಾಡುವಂತೆಯೇ ಪಾಠ ಮಾಡಿದಳು.

"ಚೌಕದ ಮೇಲೆ ಇಂಟಿಗ್ರೇಟ್ ಮಾಡೋದು ಯಾರಿಗಾದ್ರೂ ಬರುತ್ತೆ. ನಾಲ್ಕೂ ಕಡೆ ಗೋಡೆ ನೆಟ್ಟಗಿರುತ್ತೆ, ನಾಲ್ಕೂ ಲಿಮಿಟ್ ಬರೀ ಸಂಖ್ಯೆ. dx ಮೊದಲು ಮಾಡಿದ್ರೂ ಅಷ್ಟೇ, dy ಮೊದಲು ಮಾಡಿದ್ರೂ ಅಷ್ಟೇ. ಗೋಡೆ ಬಾಗಿದಾಗಲೇ ನೋಡು ತಾಪತ್ರಯ."

ಅವಳು x = y² ಎಂಬ ವಕ್ರರೇಖೆ ಬರೆದಳು, ಎಡಕ್ಕೆ ಮೂಗು ಮಾಡಿ ಮಲಗಿದ ಬಟ್ಟಲಿನಂಥದು. ಅದನ್ನು ಅಡ್ಡ ಕೊಯ್ಯುವಂತೆ x = y + 2 ಎಂಬ ಓರೆ ಗೆರೆ. ಎರಡೂ ಸೇರುವುದು ಎರಡು ಕಡೆ, ಕೆಳಗೆ (1, −1) ಎಂಬಲ್ಲಿ, ಮೇಲೆ (4, 2) ಎಂಬಲ್ಲಿ. ನಡುವೆ ಸಿಕ್ಕಿಕೊಂಡ ಜಾಗಕ್ಕೆ ಪೆನ್ಸಿಲ್ಲಿನಿಂದ ಬಣ್ಣ ತುಂಬಿದಳು.

"dx dy ಅಂದ್ರೆ ಒಳಗಡೆ dx. ಮಲಗಿರೋ ಪಟ್ಟಿ ಅಂದ್ಕೋ. ಪಟ್ಟಿಯ ಎಡತುದಿ ಯಾವ ಗೆರೆ ಮೇಲಿದೆ, ಬಲತುದಿ ಯಾವ ಗೆರೆ ಮೇಲಿದೆ, ಅದೇ x ಲಿಮಿಟ್. ಆಮೇಲೆ ಪಟ್ಟಿಗಳನ್ನ ಕೆಳಗಿಂದ ಮೇಲಕ್ಕೆ ಪೇರಿಸ್ಕೊಂಡು ಹೋಗು, ಅದು y ಲಿಮಿಟ್. ಹೊರಗಿನದು ಯಾವಾಗ್ಲೂ ಬರೀ ಸಂಖ್ಯೆ ಇರಬೇಕು. dy dx ಆದ್ರೆ ಪಟ್ಟಿ ನಿಂತಿರುತ್ತೆ. ಕಾಲು ಎಲ್ಲಿದೆ, ತಲೆ ಎಲ್ಲಿದೆ, ಅದು y ಲಿಮಿಟ್. ಎಡದಿಂದ ಬಲಕ್ಕೆ ಸಾಗಿಸು, ಅದು x ಲಿಮಿಟ್. ಕ್ರಮ ಬದಲಾದ್ರೆ ಲಿಮಿಟ್ಟನ್ನ ಸುಮ್ನೆ ಅದಲು ಬದಲು ಮಾಡೋದಲ್ಲ, ಚಿತ್ರಾನ ಹೊಸದಾಗಿ ನೋಡಬೇಕು. ತಿಳೀತಾ?"

ತಿಳೀತು ಎಂದು ತಲೆಯಾಡಿಸಿದವನು ಐದು ನಿಮಿಷಕ್ಕೆ ಮತ್ತೊಂದು ಪ್ರಶ್ನೆ ಕೇಳುತ್ತಿದ್ದ. ಹೊರಗಿನದು ಸಂಖ್ಯೆಯೇ ಯಾಕಿರಬೇಕು? ಗೆರೆ ಇಲ್ಲಿಗೇ ಯಾಕೆ ನಿಲ್ಲಬೇಕು? ಮೂಲ ಹಿಡಿಯದೆ ಮುಂದೆ ಹೋಗುವ ಜಾಯಮಾನ ಅವನದಲ್ಲ. ಮೋಟರು ಬಿಚ್ಚಿದರೂ ಹಾಗೇ, ತಿರುಪು ತಿರುಪಿಗೂ ಯಾಕೆ ಎನ್ನಬೇಕು. ಅಕ್ಕ ಗಡಿಯಾರ ನೋಡುತ್ತಿದ್ದಳು. ಪೇಪರಿನಲ್ಲಿ ಐದು ಘಟಕ, ಒಂದು ಘಟಕದ ಒಂದು ಲೆಕ್ಕಕ್ಕೆ ಮೂರು ಬೆಳಗು ಹೋಯಿತು. ಹೀಗಾದರೆ ಮುಗಿಯಿತು ಕತೆ ಎಂದುಕೊಂಡಳು.

ನಾಲ್ಕನೆಯ ದಿನ ಅವನು ಹಳೆಯ ರಟ್ಟಿನ ಎರಡು ಹಾಳೆ ತಂದಿದ್ದ. ಅವಳು ಬರೆದ ಆಕಾರವನ್ನೇ ಅಳತೆ ಮಾಡಿ, ದೊಡ್ಡದಾಗಿ, ಎರಡರ ಮೇಲೂ ಬರೆದು ಕತ್ತರಿಸಿದ್ದ. ಒಂದನ್ನು ಮಲಗಿದ ಪಟ್ಟಿಗಳಾಗಿ, ಇನ್ನೊಂದನ್ನು ನಿಂತ ಪಟ್ಟಿಗಳಾಗಿ ಸೀಳಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಕಾಫಿ ಲೋಟ ಇಡಲೂ ಜಾಗ ಉಳಿಯಲಿಲ್ಲ.

"ನೋಡಕ್ಕ, ಮಲಗಿಸಿದ್ರೆ ಎಲ್ಲಾ ಪಟ್ಟೀದೂ ಒಂದೇ ಜಾತಕ. ಎಡತುದಿ ಬಟ್ಟಲು, ಬಲತುದಿ ಓರೆ ಗೆರೆ. ನಿಲ್ಸಿದ್ರೆ ಹಂಗಲ್ಲ. x ಒಂದಾಗೋ ತನಕ ತಲೇನೂ ಬಟ್ಟಲ ಮೇಲೆ, ಕಾಲೂ ಬಟ್ಟಲ ಮೇಲೆ. ಇಲ್ಲಿಂದ ಆಚೆ ಕಾಲಿಡೋ ಜಾಗ ಬದಲಾಗುತ್ತೆ, ಓರೆ ಗೆರೆ ಮೇಲೆ ಬರುತ್ತೆ. ಆಗ ಎರಡು ತುಂಡು ಮಾಡಬೇಕಲ್ವಾ?"

ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು. ಏಳು ಇಪ್ಪತ್ತಾಗಿತ್ತು, ಎಂಟಕ್ಕೆ ಅವಳಿಗೆ ಮೊದಲ ತರಗತಿ. ತಿರುಗಿ ಸರಿಯಾಗಿ ನೋಡಿದ್ದರೆ, ತರಗತಿಯ ಅರವತ್ತು ಮಂದಿಯಲ್ಲಿ ಐವತ್ತು ಮಂದಿ ಕಾಣದೇ ಹೋಗುವುದನ್ನು ತನ್ನ ತಮ್ಮ ಕತ್ತರಿ ಹಿಡಿದು ಕಂಡುಕೊಂಡಿದ್ದಾನೆ ಎಂಬುದು ತಿಳಿಯುತ್ತಿತ್ತು. ಅವಳಿಗೆ ಕಂಡದ್ದು ಮೇಜಿನ ತುಂಬ ರಟ್ಟಿನ ಚೂರು ಮಾತ್ರ.

"ಪರೀಕ್ಷೆಗೆ ಕತ್ತರಿ ಹಿಡ್ಕೊಂಡು ಹೋಗೋಕಾಗುತ್ತೇನೋ? ಇದೆಲ್ಲ ಬಿಟ್ಟಾಕು. ಎರಡು ತುಂಡು ಬಂತು ಅಂದ್ರೆ ತಪ್ಪು ಕ್ರಮ ಹಿಡಿದಿದ್ದೀಯ ಅಂತ ಅರ್ಥ. ಅದನ್ನ ಹೊಡೆದು ಹಾಕಿ ಒಂದೇ ತುಂಡಲ್ಲಿ ಬರೋ ಹಾಗೆ ಬರಿ. ಹತ್ತು ವರ್ಷದ ಪೇಪರ್ ನೋಡಿದ್ದೀನಿ, ಎಲ್ಲಾ ಒಂದೇ ತುಂಡಲ್ಲಿ ಮುಗಿಯುತ್ತೆ."

"ಎರಡು ತುಂಡು ಮಾಡಿದ್ರೆ ಉತ್ತರ ತಪ್ಪು ಬರುತ್ತಾ?"

"ತಪ್ಪು ಅಂತಲೇ ಇಟ್ಕೋ."

ತಮ್ಮ ರಟ್ಟಿನ ಪಟ್ಟಿಗಳನ್ನು ಕೂಡಿಸಿ ಚೀಲಕ್ಕೆ ಹಾಕಿಕೊಂಡ. ಅಂದಿನಿಂದ ಅಕ್ಕ ಪಾಠದ ವರಸೆ ಬದಲಾಯಿಸಿದಳು. ಅವನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗುಂಡು ಅಕ್ಷರದಲ್ಲಿ ನಿಯಮ ಬರೆದುಕೊಟ್ಟಳು. ಗೆರೆಗಳು ಸೇರುವ ಬಿಂದು ಹುಡುಕು. ಹೊರಗೆ ಸಂಖ್ಯೆ. ಒಳಗೆ ಗೆರೆ. ಎರಡು ತುಂಡಾದರೆ ಹೊಡೆದು ಹಾಕು. ತಮ್ಮನೂ ಪ್ರಶ್ನೆ ಕೇಳುವುದನ್ನು ಬಿಟ್ಟ, ಪಾಠ ಸರಾಗವಾಗಿ ಓಡಿತು. ಅಕ್ಕನಿಗೆ ನೆಮ್ಮದಿಯೋ ನೆಮ್ಮದಿ.

ಆ ಸಲದ ಪರೀಕ್ಷೆಯನ್ನು ತಮ್ಮ ಬರೆಯುತ್ತಿದ್ದಾನೆಂದು ಅಕ್ಕ ಮೊದಲೇ ಬರೆದುಕೊಟ್ಟು ಪ್ರಶ್ನೆಪತ್ರಿಕೆಯಿಂದಲೂ ಮೌಲ್ಯಮಾಪನದಿಂದಲೂ ದೂರ ನಿಂತಿದ್ದಳು. ಆ ವಿಷಯದಲ್ಲಿ ಅವಳದು ಬೆಂಕಿಯಂಥ ಶಿಸ್ತು. ಹಾಗಾಗಿ ಪೇಪರ್ ಅವಳ ಕಣ್ಣಿಗೆ ಬಿದ್ದದ್ದು ಅಂದು ಮಧ್ಯಾಹ್ನ, ಪರೀಕ್ಷೆ ಮುಗಿದ ಮೇಲೆ. ಹತ್ತು ಅಂಕದ ಎರಡನೆಯ ಪ್ರಶ್ನೆ: x = y² ಮತ್ತು x = y + 2 ಇವುಗಳ ನಡುವಿನ ಪ್ರದೇಶದ ವಿಸ್ತೀರ್ಣವನ್ನು dy dx ಕ್ರಮದಲ್ಲೇ, ಅಂದರೆ ಮೊದಲು y ನಂತರ x ಎಂಬ ಕ್ರಮದಲ್ಲೇ, ಡಬಲ್ ಇಂಟಿಗ್ರಲ್ ಮೂಲಕ ಕಂಡುಹಿಡಿಯಿರಿ. ಪೇಪರ್ ತೆಗೆದವರು ಯಾರೋ ಹೊಸಬರು. ಚಿತ್ರ ನೋಡುವವರು ಯಾರು, ಗಿಳಿಪಾಠ ಒಪ್ಪಿಸುವವರು ಯಾರು ಎಂದು ಜರಡಿ ಹಿಡಿಯಲೆಂದೇ ಹಾಕಿದ ಪ್ರಶ್ನೆ. ಅಕ್ಕ ಪೇಪರ್ ಮಡಚಿ ಹಿಡಿದು ಮೆಟ್ಟಿಲಿಳಿದಳು.

ಗೇಟಿನ ಬಳಿ ತಮ್ಮ ಸೈಕಲ್ ಹಿಡಿದು ನಿಂತಿದ್ದ.

"ಎರಡನೇ ಪ್ರಶ್ನೆಗೆ ಎಷ್ಟು ಬಂತೋ?"

"ಹದಿನಾರು ಬೈ ಮೂರು."

ಅಷ್ಟೇ ಸಾಕಾಯಿತು ಅವಳಿಗೆ. ಸೊನ್ನೆಯಿಂದ ನಾಲ್ಕರವರೆಗೆ ಒಂದೇ ಏಟಿಗೆ, ಕೆಳಗೆ ಓರೆ ಗೆರೆ, ಮೇಲೆ ಬಟ್ಟಲು ಎಂದು ಹಿಡಿದರೆ ಬರುವ ಉತ್ತರ ಅದು. ಒಂದಕ್ಕಿಂತ ಎಡಕ್ಕೆ, ಬಟ್ಟಲಿನ ಹೊರಗೆ ಕೆಳಮೂಲೆಯಲ್ಲಿ ಬಿದ್ದಿರುವ ಜಾಗವನ್ನೂ ಅದು ಒಳಗೆ ಸೇರಿಸಿಕೊಂಡುಬಿಡುತ್ತದೆ, ಒಂದು ಚದರದ ಆರರಲ್ಲಿ ಐದು ಪಾಲಿನಷ್ಟು ಹೆಚ್ಚು. ಕ್ರಮ ಹೇಳದ ಪ್ರಶ್ನೆಗೂ ತಾವಾಗಿ ಈ ಕ್ರಮ ಹಿಡಿದವರ ನೂರಾರು ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷ ಇದೇ ತಪ್ಪಿಗೆ ಅವಳು ಸೊನ್ನೆ ಸುತ್ತಿದ್ದಳು. ತುಂಡು ಮಾಡಬೇಕೆಂದು ಇವನಿಗೆ ಹೊಳೆದಿಲ್ಲ, ಹೊಳೆಯುವುದಾದರೂ ಹೇಗೆ ಎಂದುಕೊಂಡಳು. ಅವನ ರಟ್ಟಿನ ಪಟ್ಟಿಗಳಾಗಲಿ ತಾನು ಅಂದು ಹೇಳಿದ ಮಾತಾಗಲಿ ಅವಳಿಗೆ ನೆನಪಾಗಲಿಲ್ಲ.

"ಇರಲಿ ಬಿಡು. ಅದು ಕಷ್ಟದ ಲೆಕ್ಕ," ಎಂದಳು.

ತಮ್ಮ ಏನೋ ಹೇಳಲು ಬಾಯಿ ತೆರೆದ. ಬರೆದಾದ ಪರೀಕ್ಷೆಯ ಬಗ್ಗೆ ಮಾತಾಡಬಾರದು ಎಂಬುದು ಅವಳದೇ ಇನ್ನೊಂದು ನಿಯಮ, ಕೈ ಎತ್ತಿ ತಡೆದಳು. ಸರಿಯಾದ ಉತ್ತರ ಎಷ್ಟು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಫಲಿತಾಂಶ ಬಂತು. ನಲವತ್ತಕ್ಕೆ ಪಾಸು, ತಮ್ಮನಿಗೆ ಮೂವತ್ತಮೂರು.

ಅವನು ಅಳಲಿಲ್ಲ, ಕೂಗಾಡಲಿಲ್ಲ. ಪುಸ್ತಕಗಳನ್ನೆಲ್ಲ ಕಟ್ಟಿ ಲೈಬ್ರರಿಗೆ ಕೊಟ್ಟು ಬಂದ. ಇನ್‌ಸ್ಟ್ರಕ್ಟರ್ ಹುದ್ದೆಗೆ ಹಾಕಿದ್ದ ಅರ್ಜಿಯನ್ನು, ಅವರು ತಿರಸ್ಕರಿಸುವ ಮೊದಲು ತಾನೇ ವಾಪಸು ತೆಗೆದುಕೊಂಡ. "ನನ್ನ ತಲೆಗೆ ಹತ್ತೋ ವಿಷಯ ಅಲ್ಲಕ್ಕ ಅದು. ನೀನು ಪಾಪ ಎಷ್ಟು ಒದ್ದಾಡಿದೆ," ಎಂದು ಅವಳನ್ನೇ ಸಮಾಧಾನ ಮಾಡಿದ. ಅಕ್ಕನಿಗೆ ಮಾತ್ರ ಏಳು ಅಂಕ ಎಲ್ಲೋ ಕೂಡುವುದರಲ್ಲಿ ತಪ್ಪಿರಬಹುದು ಎಂಬ ಆಸೆ. ಬೇಡ ಬೇಡ ಎಂದವನ ಕೈಯಲ್ಲಿ ಸಹಿ ಹಾಕಿಸಿ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಕೊಟ್ಟಳು.

ನಕಲು ಬಂದದ್ದು ಒಂದು ಮಧ್ಯಾಹ್ನ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ, ಫ್ಯಾನು ಮಾತ್ರ ಕಿರಿಕಿರಿ ಎನ್ನುತ್ತಿತ್ತು. ಅಕ್ಕ ಲಕೋಟೆ ಒಡೆದು ಮೊದಲು ಮುಖಪುಟದ ಅಂಕಗಳನ್ನು ಎರಡು ಸಲ ಕೂಡಿದಳು. ಸರಿಯಾಗಿತ್ತು. ಆಮೇಲೆ ಪುಟ ತಿರುಗಿಸುತ್ತ ಎರಡನೆಯ ಪ್ರಶ್ನೆಗೆ ಬಂದಳು.

ಚಿತ್ರ ಅಚ್ಚುಕಟ್ಟಾಗಿತ್ತು, ಅದಕ್ಕೆ ಎರಡು ಅಂಕ ಕೊಟ್ಟಿದ್ದರು. ಅದರ ಕೆಳಗೆ ಮುಕ್ಕಾಲು ಪುಟದ ಬರಹ, ಅದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಸ್ಕೇಲ್ ಇಟ್ಟು ಎಳೆದ ಗೆರೆ. ತಪ್ಪನ್ನು ಹೊಡೆದು ಹಾಕುವಾಗಲೂ ಅವನು ವರ್ಕ್‌ಶಾಪಿನವನೇ. ಅಕ್ಕ ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಹೊಡೆದು ಹಾಕಿದ್ದರ ಮೇಲೆ ಕಣ್ಣು ನಿಲ್ಲಿಸದಿರುವುದು ಹದಿನೆಂಟು ವರ್ಷದ ಅಭ್ಯಾಸ. ಆದರೆ ಪುಟದ ನಡುವೆ ಲಿಮಿಟ್ಟಿನ ಜಾಗದಲ್ಲಿ ಒಂದು '1' ಕಂಡಿತು. ಅದು ಅಲ್ಲಿರಬೇಕಾದರೆ ಒಂದೇ ಕಾರಣವಿರಲು ಸಾಧ್ಯ.

ಓದಿದಳು. x ಸೊನ್ನೆಯಿಂದ ಒಂದರವರೆಗೆ, y ಕೆಳಗೆ −√x, ಮೇಲೆ √x. ಕೂಡಿಸು. x ಒಂದರಿಂದ ನಾಲ್ಕರವರೆಗೆ, y ಕೆಳಗೆ x − 2, ಮೇಲೆ √x. ಮೊದಲ ತುಂಡು 4/3. ಎರಡನೆಯ ತುಂಡು 19/6. ಒಟ್ಟು 27/6, ಅಂದರೆ 9/2.

ಒಂದು ಚಿಹ್ನೆಯೂ ಆಚೆ ಈಚೆ ಆಗಿರಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ dx dy ಕ್ರಮದಲ್ಲೂ ಮಾಡಿ ತಾಳೆ ನೋಡಿದ್ದ: y ಎಂಬುದು −1 ರಿಂದ 2, x ಎಂಬುದು y² ನಿಂದ y + 2, ಉತ್ತರ 9/2. ಎರಡೂ ದಾರಿಯಿಂದ ಹೋಗಿ ಒಂದೇ ಊರು ಮುಟ್ಟಿದ್ದ. ಅದರ ಮೇಲೂ ಗೆರೆ. ಗೆರೆಯ ಪಕ್ಕದಲ್ಲಿ ಅವನೇ ಬರೆದುಕೊಂಡಿದ್ದ ಮೂರು ಪದ: ಎರಡು ತುಂಡು, ತಪ್ಪು.

ಮುಂದಿನ ಪುಟದಲ್ಲಿ ಒಂದೇ ತುಂಡಿನ ಲೆಕ್ಕ, ಹದಿನಾರು ಬೈ ಮೂರು, ಅದರ ಮುಂದೆ ಯಾರದೋ ಕೆಂಪು ಸೊನ್ನೆ.

ಅಕ್ಕ ಕುರ್ಚಿಯಲ್ಲಿ ಕೂತೇ ಇದ್ದಳು. ಗಂಟೆ ಹೊಡೆದದ್ದು, ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ಇಣುಕಿ ಹೋದದ್ದು ಯಾವುದೂ ಅವಳ ಗಮನಕ್ಕೆ ಬರಲಿಲ್ಲ. ಅವಳಿಗೆ ನಾಚಿಕೆಯಾಯಿತು. ದುಃಖಕ್ಕಿಂತ ಮೊದಲು ಬಂದದ್ದು ನಾಚಿಕೆ.

ಮಾರನೆಯ ದಿನ ಅವಳು ಮುಖ್ಯ ಮೌಲ್ಯಮಾಪಕರ ಮುಂದೆ ಕೂತಿದ್ದಳು. ಅವಳಿಗಿಂತ ಹತ್ತು ವರ್ಷ ಹಿರಿಯರು, ಸೌಮ್ಯ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವ ಜಾತಿ. ನಕಲನ್ನು ಅವರು ನಿಧಾನವಾಗಿ ಓದಿದರು. ಓದುತ್ತ ಓದುತ್ತ ಅವರ ಮುಖವೂ ಇಳಿಯಿತು.

"ಚೆನ್ನಾಗಿ ಮಾಡಿದ್ದಾನೆ ಮೇಡಂ. ಈ ಸಲ ಈ ಪ್ರಶ್ನೆಗೆ ಪೂರ್ತಿ ಸರಿ ಬರೆದೋರು ಬೆರಳೆಣಿಕೆ ಮಂದಿ. ಆದ್ರೆ ಏನ್ಮಾಡೋದು, ಹೊಡೆದು ಹಾಕಿದ್ದಾನೆ. ಹೊಡೆದು ಇನ್ನೊಂದು ಬರೆದ ಮೇಲೆ ಆ ಇನ್ನೊಂದನ್ನೇ ನೋಡಬೇಕು."

"ಓದೋಕೆ ಬರುತ್ತಲ್ಲ ಸರ್. ಎಲ್ಲಾ ಕಾಣುತ್ತೆ."

"ಮೂರು ವರ್ಷದ ಹಿಂದೆ ಮೌಲ್ಯಮಾಪನಕ್ಕೆ ಹೊಸದಾಗಿ ಬಂದಿದ್ದ ಲೆಕ್ಚರರ್ ಹುಡುಗಿ ನಿಮ್ಮ ಹತ್ರ ಇದೇ ಮಾತು ಹೇಳಿದ್ಲು. ಹೊಡೆದಿದ್ದು ಸರಿ ಇದೆ, ನಾಲ್ಕು ಅಂಕ ಕೊಡ್ಲಾ ಅಂತ. ನೀವೇನಂದ್ರಿ, ನೆನಪಿದೆಯಾ?"

ನೆನಪಿತ್ತು. ಬರೆದವನಿಗೇ ಬೇಡವಾದದ್ದಕ್ಕೆ ನಾವ್ಯಾಕೆ ಅಂಕ ಕೊಡಬೇಕು ಎಂದಿದ್ದಳು. ಸುತ್ತ ಕೂತವರು ನಕ್ಕಿದ್ದರು. ಆ ನಾಲ್ಕು ಅಂಕ ಯಾರದ್ದಾಗಿತ್ತೋ, ಅವರಿಗೂ ಅದು ಎಷ್ಟನೆಯ ಸಲವಾಗಿತ್ತೋ ಎಂದು ಅವಳು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಮುಖ್ಯ ಮೌಲ್ಯಮಾಪಕರು ಹಾಳೆಯನ್ನು ಮಡಚಿ ಅವಳ ಕಡೆ ಸರಿಸಿದರು. "ನನಗೆ ಅರ್ಥವಾಗದೇ ಇರೋದು ಒಂದೇ. ಎರಡು ಕ್ರಮದಲ್ಲೂ ತಾಳೆ ನೋಡಿದ್ದಾನೆ, ಎರಡೂ ಒಂದೇ ಬಂದಿದೆ. ಅಷ್ಟು ತಿಳಿದೋನು ಯಾಕೆ ಹೊಡೆದು ಹಾಕ್ದ?"

"ಗೊತ್ತಿಲ್ಲ ಸರ್," ಎಂದಳು ಅಕ್ಕ.

ಆ ಸುಳ್ಳನ್ನು ಹೊತ್ತುಕೊಂಡು ಅವಳು ಒಂದು ವಾರ ತಿರುಗಿದಳು. ತಮ್ಮನಿಗೆ ಹೇಳಬೇಕೋ ಬೇಡವೋ. ಹೇಳಿ ಆಗುವುದೇನು, ಎಂಟು ವರ್ಷ ಮುಗಿದುಹೋಯಿತು, ಹುದ್ದೆಗೆ ಬೇರೆ ಯಾರೋ ಬಂದಾಯಿತು. ಮರೆಯುತ್ತಿರುವವನ ಗಾಯ ಕೆದಕುವುದು ಯಾಕೆ. ಹೀಗೆಲ್ಲ ಅವಳ ಮನಸ್ಸು ವಾದ ಹೂಡುತ್ತಿತ್ತು. ಈ ವಾದದಲ್ಲಿ ತಮ್ಮನ ಹಿತಕ್ಕಿಂತ ತನ್ನ ಮರ್ಯಾದೆಯ ಪಾಲೇ ದೊಡ್ಡದು ಎಂದು ಲೆಕ್ಕದ ಮೇಡಂಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ.

ಭಾನುವಾರ ತಮ್ಮನ ಮನೆಗೆ ಹೋದಳು. ತಮ್ಮ ಹಿತ್ತಿಲಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಅವನ ಮಗಳು ಜಗುಲಿಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿಟ್ಟು ಬಣ್ಣದ ಪೆನ್ಸಿಲ್ ಹಿಡಿದಿದ್ದಳು.

"ಲೆಕ್ಕ ಮಾಡಲ್ವೇನೇ?"

"ನಂಗೆ ಬರಲ್ಲ ಅತ್ತೆ."

"ಪ್ರಯತ್ನ ಮಾಡಿದ್ರೆ ತಾನೇ ಬರೋದು."

"ಇಲ್ಲ, ಬರಲ್ಲ. ನಾನು ಅಪ್ಪನ ಥರ. ನಮ್ಮನೇಲಿ ಲೆಕ್ಕ ಬರೋದು ನಿಮಗೊಬ್ಬರಿಗೇ ಅಂತೆ. ಅಪ್ಪಾನೇ ಹೇಳಿದ್ದು." ಹುಡುಗಿ ಇದನ್ನು ಬೇಸರದಿಂದಲೂ ಹೇಳಲಿಲ್ಲ, ತನ್ನ ಕೂದಲು ಗುಂಗುರು ಎಂದು ಹೇಳಿದಷ್ಟು ಸಹಜವಾಗಿ ಹೇಳಿ ಎಲೆಗೆ ಹಸಿರು ತುಂಬತೊಡಗಿದಳು.

ಹಿತ್ತಿಲಿನಿಂದ ತಮ್ಮ ನಗುತ್ತ ಕೂಗಿದ. "ಅವಳ ತಲೆ ತಿನ್ನಬೇಡಕ್ಕ. ನಮ್ಮ ಕಡೆ ಬಂದಿರೋ ತಲೆ ಅಷ್ಟೇ."

ಅಕ್ಕ ಕಾಫಿಗೂ ಕಾಯದೆ ಚಪ್ಪಲಿ ಮೆಟ್ಟಿಕೊಂಡಳು. ತನ್ನ ಮಾತು ಏಳು ಅಂಕ ತಿಂದು ಸುಮ್ಮನಾಗಿಲ್ಲ, ಜಗುಲಿ ಹತ್ತಿ ಆ ಮಗುವಿನ ಪುಸ್ತಕ ಮುಚ್ಚಿಸಿ ಕೂತಿದೆ ಎಂದು ಅನಿಸಿತು.

ಸೋಮವಾರ ಊಟದ ಬಿಡುವಿನಲ್ಲಿ ಅವಳು ವರ್ಕ್‌ಶಾಪಿಗೆ ಇಳಿದು ಹೋದಳು. ಹದಿನೆಂಟು ವರ್ಷದಲ್ಲಿ ನಾಲ್ಕೋ ಐದೋ ಸಲ ಆ ಶೆಡ್ಡಿನೊಳಗೆ ಕಾಲಿಟ್ಟಿದ್ದಳು. ಎಣ್ಣೆಯ ವಾಸನೆ, ನೆಲದ ಮೇಲೆ ಸುರುಳಿ ಸುರುಳಿ ಕಬ್ಬಿಣದ ಸಿಪ್ಪೆ. ತಮ್ಮ ಒಬ್ಬನೇ ಇದ್ದ, ಬೆಂಚಿನ ಮೇಲೆ ಡಬ್ಬಿ ತೆರೆದು ಕೂತಿದ್ದ. ಅಕ್ಕನನ್ನು ಕಂಡು ಗಾಬರಿಯಾಗಿ ಎದ್ದು ಸ್ಟೂಲು ಒರೆಸಿದ. ಅವಳು ಕೂರಲಿಲ್ಲ. ಹಾಳೆಯನ್ನು ಬೆಂಚಿನ ಮೇಲೆ ಬಿಡಿಸಿಟ್ಟಳು.

"ಇದನ್ನ ನೋಡು."

"ಬಿಡಕ್ಕ. ಆಗಿ ಹೋಯ್ತಲ್ಲ."

"ನೋಡು ಅಂದ್ನಲ್ಲ. ಇದು ಸರಿ ಇದೆ ಕಣೋ. ನೀನು ಹೊಡೆದು ಹಾಕಿದ್ದು."

ತಮ್ಮ ಕೈ ಒರೆಸಿಕೊಂಡು ಹಾಳೆಯ ಮೇಲೆ ಬಾಗಿದ. ಗೆರೆಗಳ ಕೆಳಗಿನ ತನ್ನ ಅಕ್ಷರವನ್ನು ಬೆರಳಿಟ್ಟು ಓದಿದ.

"ಪೂರ್ತಿ ಸರೀನಾ?"

"ಪೂರ್ತಿ. ಹತ್ತಕ್ಕೆ ಹತ್ತು. ನಿನಗೆ ನಲವತ್ತೊಂದು ಬರ್ತಿತ್ತು."

ಅವನು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದ. ಹೊರಗೆ ಯಾರೋ ಕಬ್ಬಿಣದ ಸರಳು ಎಳೆದುಕೊಂಡು ಹೋದ ಸದ್ದು ಕೇಳಿ ನಿಂತಿತು.

"ಎರಡು ತುಂಡು ತಪ್ಪು ಅಂದಿದ್ದೆಯಲ್ಲ ನೀನು."

"ಅಂದಿದ್ದೆ. ಸುಳ್ಳು ಅದು. ಆ ಕ್ರಮದಲ್ಲಿ ಎರಡು ತುಂಡೇ ಮಾಡಬೇಕು, ಬೇರೆ ದಾರಿನೇ ಇಲ್ಲ."

"ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ಯಾಕಕ್ಕ ಹಂಗಂದೆ?"

ಸಮಯ ಇರಲಿಲ್ಲ ಎನ್ನಬಹುದಿತ್ತು. ಹತ್ತು ವರ್ಷದ ಪೇಪರ್ ಹಾಗಿತ್ತು ಎನ್ನಬಹುದಿತ್ತು. ಎರಡೂ ನಿಜವೇ. ಅಕ್ಕ ಬೆಂಚಿನ ಅಂಚು ಹಿಡಿದುಕೊಂಡಳು.

"ಎರಡು ತುಂಡಿನ ಲೆಕ್ಕ ನಿನ್ನ ಕೈಲಾಗಲ್ಲ ಅಂದ್ಕೊಂಡಿದ್ದೆ ಕಣೋ."

ಹೇಳಿದ ಮೇಲೆ ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ತಮ್ಮ ಸಿಟ್ಟಾಗುತ್ತಾನೆ, ಆಗಲಿ, ಬಯ್ಯಲಿ ಎಂದು ಕಾದಳು. ಅವನು ಬಯ್ಯಲಿಲ್ಲ. ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟ.

"ಬರೀತಾ ಇರೋವಾಗ ನಂಗೆ ಖಾತ್ರಿ ಇತ್ತಕ್ಕ. ಇದೇ ಸರಿ ಅಂತ. ಜೀವಮಾನದಲ್ಲೇ ಒಂದು ಸಲ ಹಂಗನ್ನಿಸಿದ್ದು. ಆಮೇಲೆ ನೀನು ಹೇಳಿದ್ದು ನೆನಪಾಯ್ತು. ಕ್ರಮ ಬದಲಾಯಿಸೋಣ ಅಂದ್ರೆ ಪೇಪರಲ್ಲಿ ಬೇಡ ಅಂದಿದ್ದಾರೆ. ಅವರ ಮಾತೂ ಉಳೀಲಿ, ನಿನ್ನ ಮಾತೂ ಉಳೀಲಿ ಅಂತ ಹಂಗೆ ಬರೆದೆ. ನನ್ನ ಕಣ್ಣಿಗೆ ಅದು ತಪ್ಪು ಅಂತ ಕಾಣ್ತಾನೇ ಇತ್ತು." ಸ್ವಲ್ಪ ತಡೆದು ಹೇಳಿದ, "ಆದ್ರೆ ನನ್ನ ಕಣ್ಣಲ್ವಾ."

ಅಕ್ಕ ಅತ್ತಳು. ಕಾಲೇಜಿನ ಕಾಂಪೌಂಡಿನೊಳಗೆ ಅವಳ ಕಣ್ಣಲ್ಲಿ ನೀರು ಕಂಡವರು ಅದುವರೆಗೆ ಯಾರೂ ಇರಲಿಲ್ಲ. ತಮ್ಮ ಎದ್ದು ಬಂದು ಪಕ್ಕದಲ್ಲಿ ನಿಂತ. ಕೈಯೆಲ್ಲ ಎಣ್ಣೆ, ಸೀರೆಗೆ ಮೆತ್ತಿಕೊಳ್ಳುತ್ತದೆ ಎಂದು ಮುಟ್ಟಲಿಲ್ಲ.

"ಅಳಬೇಡಕ್ಕ. ಇನ್ನೊಂದು ಪರೀಕ್ಷೆ ಇದ್ದು, ಇವತ್ತೇ ಬರೀ ಅಂದ್ರೂ ನಿನ್ನ ಮಾತೇ ಕೇಳ್ತಿದ್ದೆ ಅನ್ಸುತ್ತೆ. ಅದಕ್ಕೇ ನಂಗೆ ಸಂಕಟ."

ಬಿಡುವು ಮುಗಿದ ಗಂಟೆ ಹೊಡೆಯಿತು. ದೂರದಲ್ಲಿ ಹುಡುಗರ ಗಲಾಟೆ ಶೆಡ್ಡಿನ ಕಡೆ ಬರತೊಡಗಿತು. ತಮ್ಮ ಅವಸರದಲ್ಲಿ ಜೇಬು ತಡಕಿ ಪೆನ್ನು ತೆಗೆದು ಅವಳ ಮುಂದೆ ಹಿಡಿದ.

"ಇದರ ಕೆಳಗೆ ಸರಿ ಇದೆ ಅಂತ ಬರೆದು ಸಹಿ ಹಾಕು. ಮಗಳಿಗೆ ತೋರಿಸ್ತೀನಿ."

"ನೀನೇ ಹೇಳೋ. ನೀನೇ ಮಾಡಿದ ಲೆಕ್ಕ, ನೀನೇ ತಿಳಿಸಿ ಹೇಳು ಅವಳಿಗೆ."

"ನಾನು ಹೇಳಿದ್ರೆ ನಂಬಲ್ಲ ಅವಳು," ಎಂದ ತಮ್ಮ. ಹಾಳೆಯನ್ನು ಮತ್ತೊಮ್ಮೆ ನೋಡಿದ. "ನೀನು ಬರೆಯೋ ತನಕ ನಂಗೂ ಪೂರ್ತಿ ನಂಬಿಕೆ ಬರ್ತಿಲ್ಲ."

ಅಕ್ಕ ಪೆನ್ನು ತೆಗೆದುಕೊಂಡಳು. ಸರಿ ಎಂದು ಬರೆದು, ಹತ್ತಕ್ಕೆ ಹತ್ತು ಎಂದು ಹಾಕಿ, ಕೆಳಗೆ ಸಹಿ ಮಾಡಿದಳು. ಅವಳು ಸಹಿ ಮುಗಿಸುವವರೆಗೆ ತಮ್ಮ ಉಸಿರು ಬಿಗಿಹಿಡಿದು ನಿಂತಿದ್ದ.